45 ದಿನದ ಗಡುವು, ತಡವಾದರೆ ಚಕ್ರಬಡ್ಡಿ

ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಸರಕು ಅಥವಾ ಸೇವೆ ಪಡೆದವರು ಎಷ್ಟು ದಿನದೊಳಗೆ ಹಣ ಕೊಡಬೇಕು ಎಂಬುದನ್ನು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ನಿಗದಿಪಡಿಸಿದೆ. ಲಿಖಿತ ಒಪ್ಪಂದವಿದ್ದರೆ ಅದರಲ್ಲಿರುವ ದಿನವೇ ಗಡುವು. ಆದರೆ ಅದು 45 ದಿನ ಮೀರುವಂತಿಲ್ಲ. ಬರಹದಲ್ಲಿ ಏನೂ ಇಲ್ಲದಿದ್ದರೆ ಸಿಗುವುದು 15 ದಿನ ಮಾತ್ರ. ಬಾಯಿಮಾತಿನಲ್ಲಿ ಕೇಳಿಕೊಂಡ ಹೆಚ್ಚಿನ ಅವಧಿ ಲೆಕ್ಕಕ್ಕೆ ಬರುವುದಿಲ್ಲ. ಮಧ್ಯಮ ಉದ್ಯಮಗಳಿಗೆ ಈ ರಕ್ಷಣೆ ಇಲ್ಲ.

ಗಡುವನ್ನು ಬಿಲ್ಲಿನ ತಾರೀಖಿನಿಂದ ಎಣಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಎಣಿಕೆ ಶುರುವಾಗುವುದು ಖರೀದಿದಾರರು ಸರಕನ್ನು ಒಪ್ಪಿಕೊಂಡ ದಿನದಿಂದ. ಸರಕಿನಲ್ಲಿ ದೋಷವಿದ್ದರೆ ಅವರು 15 ದಿನದೊಳಗೆ ಬರಹದಲ್ಲಿ ಆಕ್ಷೇಪಿಸಬೇಕು. ಆಗ ಪೂರೈಕೆದಾರರು ಆ ದೋಷ ಸರಿಪಡಿಸಿದ ದಿನವೇ ಒಪ್ಪಿಗೆಯ ದಿನವಾಗುತ್ತದೆ. ಆಕ್ಷೇಪವೇ ಬಾರದಿದ್ದರೆ ಸರಕು ತಲುಪಿದ ದಿನವೇ ಒಪ್ಪಿಕೊಂಡಂತೆ. ಆದ್ದರಿಂದ ತಾರೀಖು, ಸಹಿ, ಮೊಹರು ಇರುವ ಡೆಲಿವರಿ ಚಲನ್ ಪೂರೈಕೆದಾರರ ಕೈಯಲ್ಲಿರುವ ಮುಖ್ಯ ಪುರಾವೆ.

ಗಡುವು ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಬೀಳುತ್ತದೆ. ಅದು ತಿಂಗಳು ತಿಂಗಳಿಗೆ ಅಸಲಿಗೆ ಸೇರುವ ಚಕ್ರಬಡ್ಡಿ. ‘ತಡವಾದರೂ ಬಡ್ಡಿ ಇಲ್ಲ’ ಎಂದು ಆರ್ಡರಿನಲ್ಲಿ ಬರೆಸಿಕೊಂಡಿದ್ದರೂ ಕಾಯ್ದೆಯ ಮುಂದೆ ಆ ಷರತ್ತು ನಿಲ್ಲುವುದಿಲ್ಲ.

ಪೀಣ್ಯದ ಒಂದು ಸಣ್ಣ ಯಂತ್ರಾಗಾರ ಏಪ್ರಿಲ್ 1ರಂದು 2 ಲಕ್ಷ ರೂಪಾಯಿಯ ಬಿಡಿಭಾಗ ತಲುಪಿಸಿತು ಎಂದಿಟ್ಟುಕೊಳ್ಳೋಣ. ಆರ್ಡರಿನಲ್ಲಿ 90 ದಿನದ ಅವಧಿ ಇದೆ, ಆಕ್ಷೇಪ ಬಂದಿಲ್ಲ. 90 ಎಂದಿದ್ದರೂ ಕಾಯ್ದೆ ಒಪ್ಪುವುದು 45 ದಿನವನ್ನಷ್ಟೇ. ಅಂದರೆ ಮೇ 16 ಕೊನೆಯ ದಿನ. ಹಣ ಬಂದದ್ದು ಆಗಸ್ಟ್ 16ಕ್ಕೆ, ಮೂರು ತಿಂಗಳು ತಡವಾಗಿ. ಬ್ಯಾಂಕ್ ದರ ಶೇ 6 ಎಂದು ಹಿಡಿದರೆ ಬಡ್ಡಿ ವರ್ಷಕ್ಕೆ ಶೇ 18, ತಿಂಗಳಿಗೆ ಶೇ 1.5. ಮೊದಲ ತಿಂಗಳು 3,000 ರೂಪಾಯಿ, ಎರಡನೆಯದು 3,045, ಮೂರನೆಯದು ಸುಮಾರು 3,091; ಒಟ್ಟು 9,136 ರೂಪಾಯಿ.

ಈ ಬಡ್ಡಿಯನ್ನು ಖರೀದಿದಾರರು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ.

ಬಾಕಿ ಬಾರದಿದ್ದರೆ ಪೂರೈಕೆದಾರರು ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ಅರ್ಜಿ ಹಾಕಬಹುದು. ಉದ್ಯಮ್ ನೋಂದಣಿ, ಆರ್ಡರ್, ಬಿಲ್ಲು, ಚಲನ್ ಅಲ್ಲಿ ನೆರವಿಗೆ ಬರುತ್ತವೆ. ಕೌನ್ಸಿಲ್ ಮೊದಲು ರಾಜಿ ಮಾಡಿಸಲು ನೋಡುತ್ತದೆ. ಆಗದಿದ್ದರೆ ವಿವಾದ ಪಂಚಾಯಿತಿಗೆ, ಅಂದರೆ ಆರ್ಬಿಟ್ರೇಷನ್‌ಗೆ ಹೋಗುತ್ತದೆ. 90 ದಿನದಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳಿದರೂ ಎಷ್ಟೋ ಪ್ರಕರಣಗಳು ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತವೆ. ತೀರ್ಪು ಪೂರೈಕೆದಾರರ ಪರ ಬಂದ ಮೇಲೆ ಖರೀದಿದಾರರು ಅದನ್ನು ರದ್ದುಪಡಿಸಲು ನ್ಯಾಯಾಲಯಕ್ಕೆ ಹೋಗುವುದಾದರೆ, ತೀರ್ಪಿನ ಮೊತ್ತದ ಶೇ 75ನ್ನು ಮೊದಲೇ ಠೇವಣಿ ಇಡಬೇಕು.