ಎಕ್ಸ್ ಹಾಕಿದ ಆರು ಮನೆಗಳು

ಡಿಜಿಟಲ್ ಲಾಜಿಕ್ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದರ ಮಾದರಿ ಹೀಗಿರುತ್ತದೆ:

```
f(A,B,C,D) = Σm(0,2,6,8) + d(10,11,12,13,14,15)
```

ಇದನ್ನು ಕೆ-ಮ್ಯಾಪ್ ಬಳಸಿ ಸರಳಗೊಳಿಸಿ ಎಂದು ಪಕ್ಕದಲ್ಲಿ ಬರೆದಿರುತ್ತದೆ. ನೋಡಲು ಒಣ ಅಂಕಿಗಳ ಸಾಲು. ಆದರೆ ಇದು ನಾವು ದಿನವೂ ನೋಡುವ ಒಂದು ವಸ್ತುವಿನ ವಿವರಣೆ. ಲಿಫ್ಟಿನೊಳಗೆ ಮಹಡಿಯ ಸಂಖ್ಯೆ ತೋರಿಸುವ ಪಟ್ಟಿಯಲ್ಲಿ ಪ್ರತಿ ಅಂಕಿಯೂ ಏಳು ಬೆಳಕಿನ ಕಡ್ಡಿಗಳಿಂದ ಆಗಿರುತ್ತದೆ. ಮೇಲಿನ ಅಡ್ಡಕಡ್ಡಿಗೆ a ಎಂದು ಹೆಸರು. ಅಲ್ಲಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ b, c, d, e, f, ನಟ್ಟನಡುವಿನದು g. ಹೀಗೆ ಎಣಿಸಿದರೆ e ಎಂಬುದು ಎಡಗಡೆಯ ಕೆಳಗಿನ ಕಡ್ಡಿ. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದೇ ಅಂಕಿಯನ್ನು ಈ ಕಡ್ಡಿಗಳಲ್ಲಿ ಬರೆದು ನೋಡಿ. e ಬೆಳಗಬೇಕಾದದ್ದು 0, 2, 6, 8ಕ್ಕೆ ಮಾತ್ರ. ಪ್ರಶ್ನೆಯ ಮೊದಲರ್ಧ ಅದೇ.

ಇನ್ನು ಎರಡನೆಯ ಅರ್ಧ. ಅಂಕಿಯನ್ನು ಸರ್ಕ್ಯೂಟಿಗೆ ತಿಳಿಸಲು A, B, C, D ಎಂಬ ನಾಲ್ಕು ತಂತಿಗಳಿವೆ. ಅವುಗಳ ಬೆಲೆ ಕ್ರಮವಾಗಿ 8, 4, 2, 1. ಆರು ಎಂದು ಹೇಳಬೇಕಾದರೆ 0110. ನಾಲ್ಕು ತಂತಿಗಳಲ್ಲಿ ಒಟ್ಟು ಹದಿನಾರು ಜೋಡಣೆಗಳು ಸಾಧ್ಯ. ಆದರೆ ಅಂಕಿಗಳಿರುವುದು ಹತ್ತೇ. ಮಿಕ್ಕ ಆರು, ಅಂದರೆ 1010ರಿಂದ 1111ರವರೆಗಿನವು, ಇಲ್ಲಿಗೆ ಬರುವುದೇ ಇಲ್ಲ. ಬಾರದ ಅಂಕಿಗೆ ಕಡ್ಡಿ ಬೆಳಗಿದರೇನು, ಆರಿದರೇನು? ಆ ಆರನ್ನೇ ಡೋಂಟ್ ಕೇರ್ ಎನ್ನುತ್ತಾರೆ. ಟ್ರೂತ್ ಟೇಬಲ್ಲಿನಲ್ಲಿ ಅವುಗಳ ಮುಂದೆ 0 ಅಥವಾ 1 ಬರೆಯುವ ಬದಲು X ಬರೆಯುತ್ತಾರೆ.

ಮ್ಯಾಪ್ ಹಾಕುವ ಮುನ್ನ ಅದರ ಬೆನ್ನಿಗಿರುವ ಒಂದೇ ಒಂದು ನಿಯಮವನ್ನು ನೋಡಿಬಿಡೋಣ. ಸೊನ್ನೆಗೂ (0000) ಎಂಟಕ್ಕೂ (1000) e ಬೆಳಗಬೇಕು. ಇವೆರಡರಲ್ಲಿ B, C, D ಮೂರೂ ಒಂದೇ ರೀತಿ ಇವೆ, A ಮಾತ್ರ ಬೇರೆ. A ಸೊನ್ನೆಯಾಗಿದ್ದರೂ ಒಂದಾಗಿದ್ದರೂ ಉತ್ತರ ಅದೇ ಎಂದಮೇಲೆ A ಯನ್ನು ಕೇಳುವ ಅಗತ್ಯವೇ ಇಲ್ಲ. ಬೂಲಿಯನ್ ಭಾಷೆಯಲ್ಲಿ `A'B'C'D' + AB'C'D' = B'C'D'`. ಅಕ್ಷರದ ಪಕ್ಕದ ಸಣ್ಣ ಗೆರೆಗೆ ‘ಇದು ಸೊನ್ನೆಯಾಗಿದ್ದಾಗ’ ಎಂದರ್ಥ. ಸರಳಗೊಳಿಸುವುದೆಂದರೆ ಒಂದೇ ಅಕ್ಷರದಲ್ಲಿ ವ್ಯತ್ಯಾಸವಿರುವ ಇಂಥ ಜೋಡಿಗಳನ್ನು ಹುಡುಕಿ ಆ ಅಕ್ಷರವನ್ನು ಕೈಬಿಡುವುದು, ಅಷ್ಟೇ. ಉದ್ದದ ಸಮೀಕರಣದಲ್ಲಿ ಈ ಜೋಡಿಗಳು ಕಣ್ಣಿಗೆ ಬೀಳುವುದಿಲ್ಲ ಎನ್ನುವುದೇ ಕಷ್ಟ.

ಅವನ್ನು ಕಣ್ಣಿಗೆ ಬೀಳಿಸುವ ದಾರಿಯನ್ನು ಬೆಲ್ ಲ್ಯಾಬ್ಸ್‌ನಲ್ಲಿದ್ದ ಮಾರಿಸ್ ಕಾರ್ನೋ 1953ರಲ್ಲಿ ಪ್ರಕಟಿಸಿದರು. ಅದರ ಹಿಂದಿನ ವರ್ಷ ಎಡ್ವರ್ಡ್ ವೀಚ್ ಇಂಥದೇ ಚೌಕಗಳ ಪಟವೊಂದನ್ನು ಮುಂದಿಟ್ಟಿದ್ದರು. ಕಾರ್ನೋ ಮಾಡಿದ ಮುಖ್ಯ ಬದಲಾವಣೆ ಸಾಲುಗಳ ಕ್ರಮದ್ದು: 00, 01, 10, 11 ಎಂದು ಎಣಿಕೆಯಂತೆ ಹೋಗದೆ 00, 01, 11, 10 ಎಂದು ಜೋಡಿಸಿದರು. ಹೀಗೆ ಮಾಡಿದಾಗ ಒಂದು ಮನೆಯಿಂದ ಪಕ್ಕದ ಮನೆಗೆ ಹೋದರೆ ಬದಲಾಗುವುದು ಒಂದೇ ಅಕ್ಷರ. ಲೆಕ್ಕ ಹಾಕಿ ಹುಡುಕಬೇಕಿದ್ದ ಜೋಡಿ ಪಕ್ಕಪಕ್ಕದಲ್ಲೇ ಬಂದು ಕೂರುತ್ತದೆ. ನಮ್ಮ e ಕಡ್ಡಿಯ ಮ್ಯಾಪ್ ಇದು:

```
          CD=00   01   11   10
AB=00       1     0    0    1
AB=01       0     0    0    1
AB=11       X     X    X    X
AB=10       1     0    X    X
```

ಮೊದಲು X ಗಳೆಲ್ಲ ಸೊನ್ನೆ ಎಂದೇ ಇಟ್ಟುಕೊಂಡು ಬಿಡಿಸೋಣ. ಬಲಗಡೆಯ ಕಂಬಸಾಲಿನಲ್ಲಿ 2 ಮತ್ತು 6 ಒಂದರ ಕೆಳಗೊಂದು ಇವೆ. ಅವು ಸೇರಿ `A'CD'`. ಎಡ ಮೇಲ್ಮೂಲೆಯ 0, ಎಡ ಕೆಳಮೂಲೆಯ 8 ಚಿತ್ರದಲ್ಲಿ ದೂರ ಕಂಡರೂ ನೆರೆಹೊರೆಯವೇ. ಕಾಗದವನ್ನು ಕೊಳವೆಯಂತೆ ಸುತ್ತಿದರೆ ಮೇಲಂಚು ಕೆಳಂಚಿಗೆ ತಾಗುತ್ತದೆ. ಅವು ಸೇರಿ `B'C'D'`. ಉತ್ತರ `e = A'CD' + B'C'D'`. ತಪ್ಪೇನಿಲ್ಲ, ಮೂರು ತಂತಿ ಹಿಡಿಯುವ ಎರಡು ಆ್ಯಂಡ್ ಗೇಟು, ಒಂದು ಆರ್ ಗೇಟು, ಜೊತೆಗೆ ನಾಲ್ಕು ಅಕ್ಷರಗಳಿಗೂ ಇನ್ವರ್ಟರು ಬೇಕು.

ಈಗ X ಗಳನ್ನು ಬಳಸಿಕೊಳ್ಳೋಣ. ನಾಲ್ಕು ಮೂಲೆಗಳನ್ನು ನೋಡಿ: 1, 1, 1, X. ಆ X ಎಂದರೆ ಹತ್ತರ ಮನೆ. ಅದನ್ನು ಒಂದು ಎಂದುಕೊಂಡರೆ ನಾಲ್ಕು ಮೂಲೆಗಳೂ ಒಂದೇ ಗುಂಪಾಗುತ್ತವೆ. ನಾಲ್ಕರಲ್ಲೂ B ಸೊನ್ನೆ, D ಸೊನ್ನೆ. A ಮತ್ತು C ಬದಲಾಗುತ್ತಿವೆ, ಆದ್ದರಿಂದ ಅವೆರಡೂ ಹೋದವು. ಉಳಿದದ್ದು `B'D'`. ಇನ್ನು ಬಲಗಡೆಯ ಇಡೀ ಕಂಬಸಾಲು: 1, 1, X, X. ಅಲ್ಲಿ C ಒಂದು, D ಸೊನ್ನೆ, ಅದು `CD'`. ಎಲ್ಲ ಒಂದುಗಳೂ ಮುಗಿದವು.

```
e = B'D' + CD' = D'(B' + C)
```

ಎರಡು ತಂತಿ ಹಿಡಿಯುವ ಒಂದು ಆರ್ ಗೇಟು, ಒಂದು ಆ್ಯಂಡ್ ಗೇಟು, ಎರಡು ಇನ್ವರ್ಟರು. A ತಂತಿ ಈ ಕಡ್ಡಿಯ ಕಡೆಗೆ ಬರುವ ಅಗತ್ಯವೇ ಇಲ್ಲವಾಯಿತು! ನಂಬಿಕೆ ಬಾರದಿದ್ದರೆ ಅಂಕಿಗಳನ್ನು ಹಾಕಿ ನೋಡಿ. ಬೆಸಸಂಖ್ಯೆಗಳಲ್ಲಿ D ಒಂದಾಗಿರುವುದರಿಂದ e ಆರಿಯೇ ಇರುತ್ತದೆ. ಸಮಸಂಖ್ಯೆಗಳಲ್ಲಿ B ಒಂದಾಗಿದ್ದು C ಸೊನ್ನೆಯಾಗಿರುವುದು ನಾಲ್ಕರಲ್ಲಿ ಮಾತ್ರ. ಹಾಗಾಗಿ ನಾಲ್ಕಕ್ಕೂ ಆರುತ್ತದೆ. 0, 2, 6, 8ಕ್ಕೆ ಬೆಳಗುತ್ತದೆ. ಉತ್ತರ ಬರೆದ ಮೇಲೆ ಹೀಗೆ ಹತ್ತೂ ಅಂಕಿಗಳನ್ನು ಹಾಕಿ ನೋಡಲು ಒಂದು ನಿಮಿಷ ಸಾಕು. ಮ್ಯಾಪಿನಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತವೆ.

ಸಿಕ್ಕಿಬೀಳದ ತಪ್ಪೂ ಒಂದಿದೆ. ಮೂರನೆಯ ಅಡ್ಡಸಾಲಿನಲ್ಲಿ ನಾಲ್ಕು X ಗಳು ಸಾಲಾಗಿ ಕೂತಿವೆಯಲ್ಲ, ಅವನ್ನು ಕಂಡಕೂಡಲೇ ಸುತ್ತು ಹಾಕಿ `AB` ಎಂಬ ಪದವನ್ನು ಸೇರಿಸುವವರಿದ್ದಾರೆ. ಸೊನ್ನೆಯಿಂದ ಒಂಬತ್ತರವರೆಗೆ ಉತ್ತರ ಆಗಲೂ ಸರಿಯಾಗಿಯೇ ಬರುತ್ತದೆ, ಆದರೆ ಗೇಟೊಂದು ಸುಮ್ಮನೆ ಹೆಚ್ಚಾಗಿದೆ. ಒಂದುಗಳನ್ನು ಮುಗಿಸಲೇಬೇಕು, X ಗಳನ್ನು ಮುಗಿಸಬೇಕಾಗಿಲ್ಲ. ಒಂದುಗಳ ಗುಂಪನ್ನು ದೊಡ್ಡದು ಮಾಡಲು ನೆರವಾದರೆ X ಒಳಗೆ, ಇಲ್ಲದಿದ್ದರೆ ಹೊರಗೆ. ಗುಂಪಿನ ಗಾತ್ರ 1, 2, 4, 8 ಹೀಗೆಯೇ ಇರಬೇಕೆನ್ನುವುದಕ್ಕೂ ಕಾರಣ ಅದೇ ಜೋಡಿಯ ನಿಯಮ: ಒಂದು ಅಕ್ಷರ ಕೈಬಿಟ್ಟಾಗಲೆಲ್ಲ ಮನೆಗಳು ಇಮ್ಮಡಿಯಾಗುತ್ತವೆ. ಮೂರು ಮನೆಗಳ ಗುಂಪಿಗೆ ಬರೆಯಬಹುದಾದ ಒಂದೇ ಪದವೆಂಬುದು ಇಲ್ಲ.

ಪಾಠ ಹೇಳುವಾಗ ಹೆಚ್ಚಾಗಿ ಬಿಟ್ಟುಹೋಗುವ ಸಂಗತಿಯೊಂದನ್ನು ಇಲ್ಲಿ ಒತ್ತಿ ಹೇಳಬೇಕು. X ಎನ್ನುವುದು ಕಾಗದದ ಮೇಲೆ ಮಾತ್ರ ಇರುತ್ತದೆ. ಸುತ್ತು ಹಾಕಿದ ಕ್ಷಣದಲ್ಲಿ ಪ್ರತಿ X ಗೂ ಬೆಲೆ ನಿಗದಿಯಾಗಿಬಿಡುತ್ತದೆ: ಸುತ್ತಿನ ಒಳಗಿನದು ಒಂದು, ಹೊರಗಿನದು ಸೊನ್ನೆ. ನಮ್ಮ ಸರ್ಕ್ಯೂಟಿಗೆ ಹೇಗೋ 1010 ಬಂದುಬಿಟ್ಟರೆ e ಖಂಡಿತ ಬೆಳಗುತ್ತದೆ, 1100 ಬಂದರೆ ಖಂಡಿತ ಆರಿರುತ್ತದೆ. ಗೇಟುಗಳಿಗೆ ‘ಏನಾದರೂ ಆಗಲಿ’ ಎಂಬ ಮೂರನೆಯ ಉತ್ತರ ಗೊತ್ತಿಲ್ಲ.

ಇದರಿಂದಲೇ ಇನ್ನೊಂದು ಸೋಜಿಗ ಹುಟ್ಟುತ್ತದೆ. ಮೇಲಿನ a ಕಡ್ಡಿಯನ್ನು ತೆಗೆದುಕೊಳ್ಳಿ. ಆರನ್ನು ತಲೆಗೆರೆಯೊಂದಿಗೆ ಬರೆಯುವುದಾದರೆ a ಆರಿರಬೇಕಾದದ್ದು 1 ಮತ್ತು 4ಕ್ಕೆ ಮಾತ್ರ. ಒಂದುಗಳನ್ನು ಗುಂಪುಮಾಡಿ ಮೊತ್ತದ ರೂಪದಲ್ಲಿ ಬರೆದರೆ ಮೊದಲ ಸಾಲು, ಸೊನ್ನೆಗಳನ್ನು ಗುಂಪುಮಾಡಿ ಗುಣಲಬ್ಧದ ರೂಪದಲ್ಲಿ ಬರೆದರೆ ಎರಡನೆಯದು ಬರುತ್ತದೆ:

```
a = A + C + BD + B'D'
a = (B' + C + D)(A + B + C + D')
```

ಎರಡೂ ಸರಿಯಾದ ಉತ್ತರಗಳು. ಹತ್ತು ಅಂಕಿಗಳಿಗೂ ಒಂದೇ ಫಲ ಕೊಡುತ್ತವೆ. ಆದರೆ ಹನ್ನೆರಡನ್ನು, ಅಂದರೆ 1100ಯನ್ನು ಹಾಕಿ ನೋಡಿ: ಮೊದಲನೆಯದು 1 ಎನ್ನುತ್ತದೆ, ಎರಡನೆಯದು 0 ಎನ್ನುತ್ತದೆ. ನಾಲ್ಕರ ಸೊನ್ನೆಯನ್ನು ದೊಡ್ಡದು ಮಾಡಲು ಎರಡನೆಯ ದಾರಿಯಲ್ಲಿ ಹನ್ನೆರಡರ X ಅನ್ನು ಸೊನ್ನೆಯ ಗುಂಪಿಗೆ ಎಳೆದುಕೊಂಡಿದ್ದೇವೆ. ಮೊದಲ ದಾರಿಯಲ್ಲಿ ಅದೇ X, `A` ಎಂಬ ಎಂಟು ಮನೆಗಳ ಗುಂಪಿನೊಳಗೆ ಒಂದಾಗಿ ಸೇರಿದೆ. ಬೀಜಗಣಿತದಿಂದ ಒಂದನ್ನು ಇನ್ನೊಂದಕ್ಕೆ ತಿರುಗಿಸಲು ಹೊರಟ ವಿದ್ಯಾರ್ಥಿ ಪುಟಗಟ್ಟಲೆ ಬರೆದರೂ ಆಗದೆ, ತನ್ನದು ತಪ್ಪೆಂದು ಸರಿಯುತ್ತರವನ್ನೇ ಹೊಡೆದುಹಾಕುವ ಅಪಾಯವಿದೆ. ಡೋಂಟ್ ಕೇರ್ ಇರುವಲ್ಲಿ ಎರಡು ಸರಿಯುತ್ತರಗಳು ಸಮವಾಗಿರಲೇಬೇಕೆಂಬ ನಿಯಮವಿಲ್ಲ.

ಮಾರುಕಟ್ಟೆಯ ಚಿಪ್ಪುಗಳಲ್ಲೂ ಈ ಆರು ಮನೆಗಳ ತೀರ್ಮಾನ ಬೇರೆಬೇರೆಯಾಗಿದೆ. ಹಳೆಯ 7447 ಚಿಪ್ಪಿಗೆ ಹತ್ತರಿಂದ ಹದಿನಾಲ್ಕರವರೆಗಿನ ಸಂಖ್ಯೆ ಕೊಟ್ಟರೆ ಯಾವ ಅಂಕಿಗೂ ಹೋಲದ ವಿಚಿತ್ರ ಗುರುತುಗಳು ಮೂಡುತ್ತವೆ. ಹದಿನೈದಕ್ಕೆ ಏನೂ ಕಾಣಿಸುವುದಿಲ್ಲ. 4511 ಚಿಪ್ಪು ಒಂಬತ್ತು ದಾಟಿದರೆ ಎಲ್ಲ ಕಡ್ಡಿಗಳನ್ನೂ ಆರಿಸುತ್ತದೆ. ಆ ಚಿಪ್ಪಿನ ಪಾಲಿಗೆ ಅವು ಡೋಂಟ್ ಕೇರ್ ಅಲ್ಲ, ಸ್ಪಷ್ಟವಾದ ಸೊನ್ನೆಗಳು. ತಪ್ಪು ಅಂಕಿ ತೋರಿಸುವುದಕ್ಕಿಂತ ಏನೂ ತೋರಿಸದಿರುವುದು ಮೇಲು ಎನ್ನುವ ಕಡೆ ಒಂದೆರಡು ಗೇಟು ಹೆಚ್ಚಾದರೂ ಅದೇ ಸರಿ ಎಂಬುದು ನನ್ನ ಅಭಿಪ್ರಾಯ.

ಮ್ಯಾಪಿನ ಮಿತಿ ನಾಲ್ಕು ಅಕ್ಷರ ದಾಟಿದೊಡನೆ ಕಾಣಿಸಿಕೊಳ್ಳುತ್ತದೆ. ಐದಕ್ಕೆ ಎರಡು ಮ್ಯಾಪ್‌ಗಳನ್ನು ಒಂದರ ಮೇಲೊಂದು ಇಟ್ಟಂತೆ ಊಹಿಸಬೇಕು, ಆರಕ್ಕೆ ನಾಲ್ಕನ್ನು. ಅದರಾಚೆಗೆ ಪಟ್ಟಿ ಮಾಡಿ ಹೋಲಿಸುವ ಕ್ವೈನ್–ಮೆಕ್ಲಸ್ಕಿ ವಿಧಾನವೇ ಗತಿ. ಆದರೆ X ಗಳ ವಿಷಯದಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಕೌಂಟರ್ ವಿನ್ಯಾಸದ ಪ್ರಶ್ನೆಗಳಲ್ಲಿ. ಸೊನ್ನೆಯಿಂದ ಒಂಬತ್ತರವರೆಗೆ ಎಣಿಸುವ ಕೌಂಟರಿನಲ್ಲಿ ನಾಲ್ಕು ಫ್ಲಿಪ್‌ಫ್ಲಾಪ್‌ಗಳಿರುತ್ತವೆ. ಅಲ್ಲೂ ಮಿಕ್ಕ ಆರು ಸ್ಥಿತಿಗಳಿಗೆ X ಹಾಕುವುದು ವಾಡಿಕೆ. ಆದರೆ ‘ಬರುವುದೇ ಇಲ್ಲ’ ಎಂಬ ಮಾತು ಇಲ್ಲಿ ಪೂರ್ತಿ ನಿಜವಲ್ಲ: ರೀಸೆಟ್ ಇಲ್ಲದಿದ್ದರೆ ಕರೆಂಟು ಕೊಟ್ಟ ಗಳಿಗೆಯಲ್ಲಿ ಫ್ಲಿಪ್‌ಫ್ಲಾಪ್‌ಗಳು ಯಾವ ಸ್ಥಿತಿಯಲ್ಲಿ ಬೇಕಾದರೂ ಎಚ್ಚೆತ್ತುಕೊಳ್ಳಬಹುದು. ಹನ್ನೆರಡರಲ್ಲಿ ಎಚ್ಚೆತ್ತ ಕೌಂಟರು ನಮ್ಮ ಸುತ್ತುಗಳ ಫಲವಾಗಿ ಹದಿನಾಲ್ಕಕ್ಕೆ, ಅಲ್ಲಿಂದ ಮತ್ತೆ ಹನ್ನೆರಡಕ್ಕೆ ಹೋಗುವಂತಾದರೆ ಅದು ಹತ್ತು ಅಂಕಿಗಳ ಸಾಲಿಗೆ ಮರಳುವುದೇ ಇಲ್ಲ. ಇದಕ್ಕೆ ಲಾಕ್‌ಔಟ್ ಎನ್ನುತ್ತಾರೆ. ಹಾಗಾಗಿ ಕೌಂಟರ್ ಬಿಡಿಸಿದ ಮೇಲೆ ಹತ್ತರಿಂದ ಹದಿನೈದರವರೆಗಿನ ಆರೂ ಸ್ಥಿತಿಗಳನ್ನು ಸಮೀಕರಣಕ್ಕೆ ಹಾಕಿ, ಪ್ರತಿಯೊಂದೂ ಮುಂದೆ ಎಲ್ಲಿಗೆ ಹೋಗುತ್ತದೆಂದು ಬಾಣದ ಗುರುತಿನಲ್ಲಿ ಬರೆಯಬೇಕು. ಯಾವುದಾದರೂ ಬಾಣ ತನ್ನೊಳಗೇ ಸುತ್ತುತ್ತಿದ್ದರೆ, ಆ ಸ್ಥಿತಿಯ X ತೆಗೆದು ಒಂಬತ್ತರೊಳಗಿನ ಯಾವುದಾದರೊಂದು ಅಂಕಿಗೆ ಹೋಗುವಂತೆ ಟೇಬಲ್ಲಿನಲ್ಲಿ ಬರೆದು, ಮ್ಯಾಪ್‌ಗಳನ್ನು ಮತ್ತೆ ಬಿಡಿಸಬೇಕು.