ಮೊತ್ತ ಹನ್ನೆರಡು, ಮನಸ್ಸು ಎರಡು

ಸಮಾಜಕಾರ್ಯ ಕಲಿಸುವ ಓದುಗರೊಬ್ಬರು ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ. ಬೇರೆ ಜಾತಿಯವರ ಬಗ್ಗೆ ಜನರ ಮನೋಭಾವ ತಿಳಿಯಲು ಅವರ ವಿದ್ಯಾರ್ಥಿಗಳು ನಾಲ್ಕು ಹೇಳಿಕೆಗಳ ಒಂದು ಪಟ್ಟಿ ಮಾಡಿಕೊಂಡು ಮನೆಮನೆಗೆ ಹೋಗಿದ್ದರು. ಪ್ರತಿ ಹೇಳಿಕೆಗೂ ‘ಖಂಡಿತ ಒಪ್ಪುತ್ತೇನೆ’ ಎಂಬಲ್ಲಿಂದ ‘ಖಂಡಿತ ಒಪ್ಪುವುದಿಲ್ಲ’ ಎಂಬಲ್ಲಿವರೆಗೆ ಐದು ಮನೆ, ಐದರಿಂದ ಒಂದರವರೆಗೆ ಅಂಕ. ಎಲ್ಲ ಕೂಡಿ ಭಾಗಿಸಿದಾಗ ಸರಾಸರಿ ಸರಿಯಾಗಿ 3 ಬಂತು. “ಹಾಗಾದರೆ ನಮ್ಮೂರಿನ ಜನ ತಟಸ್ಥರು ಎಂದು ಬರೆಯಬಹುದೇ?”

ಬರೆಯಬಾರದು. ಏಕೆಂದು ತಿಳಿಯಬೇಕಾದರೆ ಈ ಐದು ಮನೆಗಳು ಎಲ್ಲಿಂದ ಬಂದವು ಎಂದು ನೋಡಬೇಕು.

1928ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಲೂಯಿ ಥರ್ಸ್ಟನ್ ಮನೋಭಾವವನ್ನು ಅಳೆಯಬಹುದು ಎಂದು ತಲೆಬರಹದಲ್ಲೇ ಸಾರುವ ಪ್ರಬಂಧವೊಂದನ್ನು ಪ್ರಕಟಿಸಿದ. ಎಂಜಿನಿಯರಿಂಗ್ ಓದಿ ಮನೋವಿಜ್ಞಾನಕ್ಕೆ ಬಂದವನು. ಅಳತೆಪಟ್ಟಿಯಲ್ಲಿ ಗೆರೆಗಳ ನಡುವಿನ ಅಂತರ ಒಂದೇ ಸಮ ಇರಬೇಕು ಎಂಬುದು ಅವನ ಪಟ್ಟು. ಮರುವರ್ಷ ಚೇವ್ ಎಂಬ ಸಹೋದ್ಯೋಗಿಯೊಡನೆ ಚರ್ಚಿನ ಬಗೆಗಿನ ಮನೋಭಾವವನ್ನು ಅಳೆಯಲು ಹೊರಟಾಗ ಅವನು ಮಾಡಿದ್ದು ಇಷ್ಟು: ಚರ್ಚನ್ನು ಹೊಗಳುವ, ತೆಗಳುವ, ನಡುವೆ ನಿಲ್ಲುವ 130 ಹೇಳಿಕೆಗಳನ್ನು ಒಂದೊಂದು ಚೀಟಿಯಲ್ಲಿ ಬರೆಸಿದ. ಆ ಚೀಟಿಗಳನ್ನು 300 ಜನರಿಗೆ ಕೊಟ್ಟು, ಹೊಗಳಿಕೆಯ ಕಡೆಯಿಂದ ತೆಗಳಿಕೆಯ ಕಡೆಗೆ 11 ಗುಡ್ಡೆಗಳಾಗಿ ವಿಂಗಡಿಸಿ ಎಂದ. ನೀವು ಒಪ್ಪುತ್ತೀರೋ ಇಲ್ಲವೋ ನನಗೆ ಬೇಡ, ಈ ಮಾತು ಎಷ್ಟು ಪರ, ಎಷ್ಟು ವಿರುದ್ಧ ಎಂಬುದನ್ನಷ್ಟೇ ಹೇಳಿ ಎಂಬುದು ಷರತ್ತು. ಎಲ್ಲರ ವಿಂಗಡಣೆಯ ನಡುಬೆಲೆಯೇ ಆ ಹೇಳಿಕೆಯ ಬೆಲೆ. ಒಬ್ಬರು ಮೂರನೇ ಗುಡ್ಡೆಗೂ ಇನ್ನೊಬ್ಬರು ಒಂಬತ್ತನೆಯದಕ್ಕೂ ಹಾಕಿದ ಹೇಳಿಕೆ ಅಸ್ಪಷ್ಟವೆಂದು ಹೊರಗೆ. ಕೊನೆಗೆ ಉಳಿದದ್ದು 45. ಆಮೇಲೆ ಉತ್ತರಿಸುವವರು ತಾವು ಒಪ್ಪುವ ಹೇಳಿಕೆಗಳಿಗೆ ಗುರುತು ಹಾಕಿದರೆ ಸಾಕು. ಅವುಗಳ ಬೆಲೆಯೇ ಅವರ ಸ್ಥಾನವನ್ನು ಹೇಳುತ್ತದೆ.

ಈ ಕೆಲಸ ಎಷ್ಟು ಪ್ರಾಮಾಣಿಕವೋ ಅಷ್ಟೇ ಸುಸ್ತಿನದು. ಅದರಲ್ಲೊಂದು ಬಿರುಕೂ ಇತ್ತು. ಕರಿಯ ಜನರ ಸ್ಥಾನಮಾನದ ಬಗ್ಗೆ ಇದೇ ವಿಧಾನದಲ್ಲಿ 114 ಹೇಳಿಕೆಗಳ ಪಟ್ಟಿ ಮಾಡಿದ ಹಿಂಕ್ಲಿ, ವಿಂಗಡಿಸುವವರ ಸ್ವಂತ ಮನೋಭಾವ ಫಲಿತಾಂಶವನ್ನು ಕೆಡಿಸುವುದಿಲ್ಲ ಎಂದು 1932ರಲ್ಲಿ ತೋರಿಸಿದ್ದ. ಆದರೆ ಒಂದೇ ಗುಡ್ಡೆಗೆ 30 ಅಥವಾ ಹೆಚ್ಚು ಚೀಟಿ ಸುರಿದವರನ್ನು ಅಸಡ್ಡೆಯವರೆಂದು ಅವನು ಕೈಬಿಟ್ಟಿದ್ದ. ಇಪ್ಪತ್ತು ವರ್ಷಗಳ ನಂತರ ಹಾವ್ಲೆಂಡ್ ಮತ್ತು ಷೆರೀಫ್ ಅದೇ ಚೀಟಿಗಳನ್ನು ಯಾರನ್ನೂ ಕೈಬಿಡದೆ ಮತ್ತೆ ವಿಂಗಡಿಸಿಸಿದರು. ಆಗ ಗೊತ್ತಾಯಿತು, ಒಂದೇ ಗುಡ್ಡೆಗೆ ಸುರಿಯುವವರು ಅಸಡ್ಡೆಯವರಲ್ಲ, ಆ ವಿಷಯ ಯಾರ ಮೈಮೇಲೆ ಬಂದಿದೆಯೋ ಅವರು. ಕರಿಯ ವಿದ್ಯಾರ್ಥಿಗಳಿಗೆ, ಸಮಾನತೆಯನ್ನು ಬಲವಾಗಿ ಬೆಂಬಲಿಸುವವರಿಗೆ, ಇತರರು ‘ನಡುವಿನದು’ ಎಂದ ಮಾತೂ ವಿರೋಧದ ಮಾತಾಗಿಯೇ ಕೇಳಿಸುತ್ತಿತ್ತು. ಅಪಮಾನ ಉಂಡವರ ಕಿವಿಯನ್ನು ಲೆಕ್ಕದಿಂದ ಹೊರಗಿಟ್ಟು ಗೆರೆ ಎಳೆದಿದ್ದರಿಂದಲೇ ಅದು ನೇರವಾಗಿ ಕಂಡಿತ್ತು.

ರೆನ್ಸಿಸ್ ಲಿಕರ್ಟ್ ಕೊಲಂಬಿಯದಲ್ಲಿ ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದವನು. 300 ಜನ ವಿಂಗಡಿಸುವವರು ಬೇಕೇ ಎಂಬುದು ಅವನ ಪ್ರಶ್ನೆ. ಉತ್ತರಿಸುವವರಿಗೇ ಐದು ಮನೆ ಕೊಟ್ಟು, 1ರಿಂದ 5 ಅಂಕ ಕೊಟ್ಟು ಕೂಡಿಬಿಟ್ಟರೆ? ಅಂಕಗಳಿಗೆ ಸಂಖ್ಯಾಶಾಸ್ತ್ರದ ತೂಕ ಕಟ್ಟುವ ಕಷ್ಟದ ದಾರಿಯಲ್ಲೂ ಲೆಕ್ಕ ಹಾಕಿ ನೋಡಿದ. ಸುಲಭದ ದಾರಿಯ ಫಲಿತಾಂಶ ಅದರೊಡನೆ 0.99ರಷ್ಟು ಹೊಂದಿತು. 1932ರಲ್ಲಿ ಇದು ಪ್ರಕಟವಾಯಿತು. ಇಂದು ಎಲ್ಲೆಲ್ಲೂ ಕಾಣುವ ಐದು ಮನೆಗಳು ಇವೇ. ಇದರಲ್ಲಿ ನಡುವಿನ ಹೇಳಿಕೆಗೆ ಜಾಗವಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ‘ಬೇರೆ ಜಾತಿಯಲ್ಲಿ ಮದುವೆ ಅವರವರ ಮನೆಯ ವಿಚಾರ’ ಎಂಬ ಹೇಳಿಕೆಯನ್ನು ಕಟ್ಟಾ ವಿರೋಧಿಯೂ ಒಪ್ಪುವುದಿಲ್ಲ, ಜಾತಿಯೇ ಹೋಗಬೇಕೆನ್ನುವವರೂ ಒಪ್ಪುವುದಿಲ್ಲ. ಇಬ್ಬರಿಗೂ ಬರುವ ಅಂಕ 1. ಥರ್ಸ್ಟನ್‌ಗೆ ಇಂಥ ಹೇಳಿಕೆ ಬೇಕೇ ಬೇಕು. ಲಿಕರ್ಟ್ ವಿಧಾನ ಅದನ್ನು ಕಿತ್ತು ಹಾಕಬೇಕಾಗುತ್ತದೆ.

ಈಗ ಪತ್ರದ 3ಕ್ಕೆ ಬರೋಣ. ಹೇಳಿಕೆಗಳು ಇವು: ಬೇರೆ ಜಾತಿಯವರು ನಮ್ಮ ಬೀದಿಯಲ್ಲಿ ಮನೆ ಮಾಡಿದರೆ ಅಡ್ಡಿಯಿಲ್ಲ, ಅವರನ್ನು ಮನೆಗೆ ಊಟಕ್ಕೆ ಕರೆಯುತ್ತೇನೆ, ನನ್ನ ಮನೆಯನ್ನೇ ಅವರಿಗೆ ಬಾಡಿಗೆಗೆ ಕೊಡುತ್ತೇನೆ, ನನ್ನ ಮಗಳನ್ನು ಅವರ ಮನೆಗೆ ಮದುವೆ ಮಾಡಿಕೊಡುತ್ತೇನೆ. ಒಬ್ಬರು ನಾಲ್ಕಕ್ಕೂ ನಡುಮನೆಯಲ್ಲಿ ಗುರುತು ಹಾಕಿದರು ಎಂದುಕೊಳ್ಳಿ: 3, 3, 3, 3. ಮೊತ್ತ 12. ಇನ್ನೊಬ್ಬರು 5, 5, 1, 1. ಅದೂ 12. ಮೊದಲನೆಯವರು ಬಾಯಿ ಬಿಡಲಿಲ್ಲ. ಎರಡನೆಯವರ ಮನಸ್ಸು ಬಲು ಸ್ಪಷ್ಟ: ಬೀದಿಗೆ ಬರಬಹುದು, ಎಲೆಯ ಮುಂದೆ ಕೂರಬಹುದು, ಬೀಗದ ಕೈ ಮಾತ್ರ ಕೊಡೆ. ಮೊತ್ತದಲ್ಲಿ ಇಬ್ಬರೂ ಒಂದೇ.

ಈ ಗಡಿಯನ್ನು ಹಿಡಿಯಲೆಂದೇ ಹುಟ್ಟಿದ್ದು ಲೂಯಿ ಗಟ್‌ಮನ್‌ನ ವಿಧಾನ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಸಂಶೋಧನಾ ವಿಭಾಗಕ್ಕೆ ಕೆಲಸ ಮಾಡುತ್ತಿದ್ದ ಅವನು 1944ರಲ್ಲಿ ಇದನ್ನು ಮುಂದಿಟ್ಟ. ಹೇಳಿಕೆಗಳು ಏಣಿಯ ಮೆಟ್ಟಿಲುಗಳಂತೆ ಇರಬೇಕು. ಮೂರನೆಯದನ್ನು ಹತ್ತಿದವನು ಮೊದಲೆರಡನ್ನು ಹತ್ತಿಯೇ ಇರಬೇಕು. ಆಗ ಅಂಕ 2 ಎಂದರೆ ಎರಡು ‘ಹೌದು’ ಎಂದಷ್ಟೇ ಅಲ್ಲ, ಯಾವ ಎರಡು ಎಂಬುದೂ ತಿಳಿಯುತ್ತದೆ. ಒಂದು ಅಂಕಿಯಿಂದ ಎಲ್ಲ ಉತ್ತರಗಳನ್ನೂ ಮತ್ತೆ ಬರೆಯಬಹುದು. ಅಳತೆಗೆ ಇದಕ್ಕಿಂತ ಚೆಂದದ ಪರೀಕ್ಷೆ ನನಗೆ ಗೊತ್ತಿಲ್ಲ.

ಏಣಿ ನಿಜವಾದ ಏಣಿಯೇ ಎಂದು ನೋಡುವುದು ಸುಲಭ. ಹತ್ತು ಜನ, ನಾಲ್ಕು ಪ್ರಶ್ನೆ, ಒಟ್ಟು 40 ಹೌದು-ಇಲ್ಲ ಉತ್ತರ. ಬಾಡಿಗೆಗೆ ಹೌದು, ಊಟಕ್ಕೆ ಇಲ್ಲ ಎಂಬಂತೆ ಮೆಟ್ಟಿಲು ತಪ್ಪಿದ ಉತ್ತರಗಳು ಮೂರು ಎಂದುಕೊಳ್ಳೋಣ. 40ರಲ್ಲಿ 37 ಸರಿ, ಅಂದರೆ 0.925. ಗಟ್‌ಮನ್ ಇಟ್ಟ ಗಡಿ 0.90. ಆದರೆ ಇಲ್ಲೊಂದು ಮೋಸ ಅಡಗಿದೆ. ನೂರಕ್ಕೆ 95 ಜನ ಹೌದೆನ್ನುವ ಪ್ರಶ್ನೆಗಳನ್ನೇ ಕೇಳಿದರೆ ಏಣಿ ಇರಲಿ ಇಲ್ಲದಿರಲಿ ಈ ಸಂಖ್ಯೆ 0.95ಕ್ಕಿಂತ ಕೆಳಗಿಳಿಯುವುದಿಲ್ಲ. ಅದಕ್ಕೇ ಅರ್ಧಕ್ಕರ್ಧ ಜನ ಭಿನ್ನವಾಗುವ ಪ್ರಶ್ನೆಗಳೂ ಏಣಿಯಲ್ಲಿರಬೇಕು. ಇನ್ನೊಂದು ಮಿತಿಯೂ ಉಂಟು: ಸರ್ಕಾರದ ಬಗ್ಗೆ, ಭಾಷೆಯ ಬಗ್ಗೆ ಜನ ಯೋಚಿಸುವುದು ಒಂದೇ ಏಣಿಯಲ್ಲಿ ಅಲ್ಲ. ಅಲ್ಲಿ ಗಟ್‌ಮನ್ ವಿಧಾನ ಕುಸಿಯುತ್ತದೆ. ಹಾಗೆ ಕುಸಿದಾಗ ಅದು ಅಂಕಿಯಲ್ಲೇ ಕಾಣುತ್ತದೆ ಎಂಬುದೇ ಅದರ ಗುಣ.

ನಾಲ್ಕನೆಯ ದಾರಿ ಚಾರ್ಲ್ಸ್ ಆಸ್ಗುಡ್‌ನದು. ಇಲ್ಲಿ ಹೇಳಿಕೆಯೇ ಇಲ್ಲ. ‘ಪೊಲೀಸ್’ ಎಂಬ ಪದ ಕೊಟ್ಟು ಒಳ್ಳೆಯ-ಕೆಟ್ಟ, ಬಲವಾದ-ದುರ್ಬಲ, ಚುರುಕು-ಮಂದ ಎಂಬ ಜೋಡಿಗಳ ನಡುವಿನ ಏಳು ಮನೆಗಳಲ್ಲಿ ಗುರುತು ಹಾಕಿಸುವುದು. ಇಬ್ಬರು ಪೊಲೀಸರನ್ನು ಸಮವಾಗಿ ಕೆಟ್ಟವರೆನ್ನಬಹುದು. ಒಬ್ಬರು ಬಲಿಷ್ಠರೆಂದು ಹೆದರಿ, ಇನ್ನೊಬ್ಬರು ಕೈಲಾಗದವರೆಂದು ಬೇಸತ್ತು. ಲಿಕರ್ಟ್ ಮೊತ್ತದಲ್ಲಿ ಕಾಣದ ಈ ಅಂತರ ಇಲ್ಲಿ ಕಾಣುತ್ತದೆ. ಆಸ್ಗುಡ್ ಇದನ್ನು ಹಲವು ದೇಶಗಳಿಗೆ ಒಯ್ದಾಗ ಆರಿಸಿದ ಭಾಷೆಗಳಲ್ಲಿ ಕನ್ನಡವೂ ಒಂದು. ಹೈಸ್ಕೂಲು ಹುಡುಗರಿಗೆ ನೂರು ನಾಮಪದ ಕೊಟ್ಟು, ಮನಸ್ಸಿಗೆ ಬಂದ ಗುಣವಾಚಕಗಳನ್ನು ಕೂಡಿಸಿ, ಜೋಡಿಗಳನ್ನು ಆಯಾ ಭಾಷೆಯ ಒಳಗಿನಿಂದಲೇ ತೆಗೆದರು. ಅದು ಅಗತ್ಯವಿತ್ತು. ನಮ್ಮಲ್ಲಿ ‘ದೊಡ್ಡ’ ಎಂಬುದು ಗಾತ್ರವನ್ನಷ್ಟೇ ಹೇಳುವುದಿಲ್ಲ. ‘ದೊಡ್ಡವರು’ ಎಂದೊಡನೆ ಗೌರವವೂ ಬೆರೆಯುತ್ತದೆ. ಇಂಗ್ಲಿಷ್ ಪಟ್ಟಿಯನ್ನು ಅನುವಾದಿಸಿ ಹಂಚಿದರೆ ಬಲವನ್ನು ಅಳೆಯಲು ಹೋಗಿ ಮರ್ಯಾದೆಯನ್ನು ಅಳೆದಂತಾಗುತ್ತದೆ.

ಪತ್ರ ಬರೆದ ಮೇಷ್ಟ್ರಿಗೆ ನನ್ನ ಮನವಿ ಇಷ್ಟೇ. ತುಂಬಿದ ಹಾಳೆಗಳನ್ನು ಬಿಸಾಡಬೇಡಿ. ಮೊತ್ತವನ್ನು ಪಕ್ಕಕ್ಕಿಟ್ಟು, 4 ಮತ್ತು 5ನ್ನು ‘ಹೌದು’ ಎಂದು, 1 ಮತ್ತು 2ನ್ನು ‘ಇಲ್ಲ’ ಎಂದು ಎಣಿಸಿ. 3ನ್ನು ಎರಡಕ್ಕೂ ಸೇರಿಸದೆ ಬೇರೆಯೇ ಇಡಿ. ಎಲ್ಲರ ಉತ್ತರಗಳನ್ನು ಸಾಲಾಗಿ ಬರೆದು, ಮೊದಲ ‘ಇಲ್ಲ’ ಯಾವ ಮೆಟ್ಟಿಲಲ್ಲಿ ಬೀಳುತ್ತದೆ ಎಂದು ವಿದ್ಯಾರ್ಥಿಗಳೇ ಬೆರಳಿಟ್ಟು ನೋಡಲಿ.