ಹಸಿರು ಪಟ್ಟಿಯಲ್ಲಿಯೇ ಇದ್ದ ಕೂಸು

ಹತ್ತು ತಿಂಗಳ ಹೆಣ್ಣುಮಗುವಿಗೆ ಲೇಹ್ಯ ಬೇಕೆಂದು ತಾಯಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ತಾಯಿ ಕಾರ್ಡ್ ತೆರೆದು ಬೆಳವಣಿಗೆಯ ನಕ್ಷೆಯನ್ನು ನೋಡಿದೆ. ಏಳನೆಯ ತಿಂಗಳಲ್ಲಿ 7.2 ಕಿಲೋ, ಎಂಟರಲ್ಲಿ 7.4, ಒಂಬತ್ತು ಹಾಗೂ ಹತ್ತರಲ್ಲಿಯೂ ಅದೇ 7.4. “ಹಸಿರಿನ್ಯಾಗ ಐತಲ್ಲರಿ ಸರ, ಚಿಂತಿ ಏನು?” ಎಂದರು ತಾಯಿ.

ಅಂಗನವಾಡಿ ಕಾರ್ಯಕರ್ತೆಯು ಪ್ರತಿ ತಿಂಗಳು ಮಗುವನ್ನು ತೂಗಿ, ವಯಸ್ಸು ಮತ್ತು ತೂಕ ಸಂಧಿಸುವಲ್ಲಿ ಒಂದು ಚುಕ್ಕೆ ಇಡುತ್ತಾರೆ. ಚುಕ್ಕೆಗಳನ್ನು ಕೂಡಿಸಿದರೆ ಆ ಮಗುವಿನದೇ ಗೆರೆ. ಪಟ್ಟಿಯ ಬಣ್ಣ ಮಗು ಇಂದು ಎಲ್ಲಿದೆಯೆಂದು ಹೇಳುತ್ತದೆ. ಗೆರೆಯ ದಿಕ್ಕು ಎತ್ತ ಸಾಗಿದೆಯೆಂದು ಹೇಳುತ್ತದೆ. ಈ ವಯಸ್ಸಿನಲ್ಲಿ ತಿಂಗಳಿಗೆ ಸುಮಾರು 200ರಿಂದ 300 ಗ್ರಾಂ ಏರಬೇಕು. ಮಗು ಸೊರಗಿ ಕಾಣುವುದಕ್ಕೆ ಬಹಳ ಮೊದಲೇ ಗೆರೆ ಮಲಗುತ್ತದೆ.

ಗೆರೆ ಮಲಗಿದಾಗ ಮೊದಲು ಸಂಶಯಿಸಬೇಕಾದದ್ದು ತಕ್ಕಡಿಯನ್ನು. ಮುಳ್ಳು ಸೊನ್ನೆಯಲ್ಲಿತ್ತೇ? ಹಿಂದಿನ ಸಲ ಸ್ವೆಟರ್ ಸಹಿತ ತೂಗಿದ್ದರೇ? ಎತ್ತರದಲ್ಲಿಯೂ ಇಂಥ ಮೋಸವುಂಟು. ಎರಡು ವರ್ಷದವರೆಗೆ ಮಲಗಿಸಿ, ಅನಂತರ ನಿಲ್ಲಿಸಿ ಅಳೆಯುವುದು ಕ್ರಮ. ನಿಲ್ಲಿಸಿದಾಗ ಅಳತೆ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುವುದರಿಂದ, ಆ ತಿಂಗಳು ಬೆಳವಣಿಗೆ ನಿಂತಂತೆ ತೋರಬಹುದು. ನಿಜವಾಗಿ ಎತ್ತರ ಕುಂಠಿತವಾಗುವುದು ನಿಧಾನ. ಅದನ್ನು ಹಲವು ತಿಂಗಳ ಅಳತೆಗಳಿಂದಲೇ ತಿಳಿಯಬೇಕು.

ಈ ಮಗುವನ್ನು ಬರಿಮೈಯಲ್ಲಿ ಮತ್ತೆ ತೂಗಿದೆವು. ತೂಕ ಅಷ್ಟೇ ಇತ್ತು. ವಿಚಾರಿಸಿದಾಗ, ಎಂಟನೆಯ ತಿಂಗಳ ತೂಕವಾದ ಮೇಲೆ ನಾಲ್ಕು ದಿನ ಭೇದಿಯಾಗಿತ್ತೆಂದು ತಿಳಿಯಿತು. ಗಟ್ಟಿ ಆಹಾರ ಅರಗದೆಂದು ಅಜ್ಜಿ ಅಕ್ಕಿಯ ತಿಳಿಗಂಜಿ ಆರಂಭಿಸಿದ್ದರು. ಭೇದಿ ನಿಂತಿತು, ಗಂಜಿ ಮಾತ್ರ ಮುಂದುವರಿಯಿತು. ನೀರಿನಿಂದ ಹೊಟ್ಟೆ ತುಂಬುತ್ತದೆ, ಕೂಸು ಅಳುವುದೂ ಇಲ್ಲ. ಆದುದರಿಂದಲೇ ಮನೆಯವರಿಗೆ ಕೊರತೆ ಕಾಣಲಿಲ್ಲ.

ಕಾರಣ ಆಹಾರವೇ ಎಂದು ಅಲ್ಲಿಗೇ ನಿಲ್ಲಿಸುವಂತಿಲ್ಲ. ಮೂತ್ರದ ಸೋಂಕು ಜ್ವರವಿಲ್ಲದೆಯೂ ತೂಕವನ್ನು ತಡೆಯಬಲ್ಲದು; ಮನೆಯಲ್ಲಿ ಕ್ಷಯರೋಗಿಯಿದ್ದರೆ ಆ ದಿಕ್ಕಿನಲ್ಲಿಯೂ ಪರೀಕ್ಷಿಸಬೇಕು. ಇಲ್ಲಿ ಎರಡೂ ಇರಲಿಲ್ಲ. ಲೇಹ್ಯವನ್ನು ನಾನು ಕೊಡಲಿಲ್ಲ. ಎದೆಹಾಲು ಮುಂದುವರಿಸಿ, ಮೆತ್ತಗೆ ಕಿವುಚಿದ ಅನ್ನ-ಹೆಸರುಬೇಳೆಗೆ ಒಂದು ಚಮಚ ತುಪ್ಪ ಬೆರೆಸಿ, ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಅರ್ಧ ಬಟ್ಟಲು ತಿನ್ನಿಸಲು ಹೇಳಿದೆ. ಚಮಚ ಓರೆ ಮಾಡಿದರೆ ಹರಿದು ಹೋಗದಷ್ಟು ಗಟ್ಟಿಯಾಗಿರಬೇಕು, ಅಷ್ಟೆ. ಅಜ್ಜಿಗೂ ಅದನ್ನು ಮಾಡಿ ತೋರಿಸಬೇಕಾಯಿತು.

ಹನ್ನೊಂದನೆಯ ತಿಂಗಳು 7.7, ಹನ್ನೆರಡರಲ್ಲಿ 8 ಕಿಲೋ. ಹೀಗೆ ಏರದಿದ್ದರೆ, ಇಲ್ಲವೆ ಆರು ತಿಂಗಳು ಮೀರಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಮನೆಯಲ್ಲಿ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು. ಎರಡೂ ಪಾದ ಊದಿದ್ದರೆ ತಕ್ಕಡಿಯನ್ನು ನಂಬಲೇಬಾರದು. ಒಳಗೆ ತುಂಬಿದ ನೀರು ಇಳಿದ ತೂಕವನ್ನು ಮುಚ್ಚುತ್ತದೆ. ಅಂಥ ಮಗುವನ್ನು ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು.